ಅಕ್ಕಿ ಚೀಲಕ್ಕಿಂತ ಭಾರವಾದ ಸೋಂಟೆ

ಕೊರಿಯರ್ ಶಾಖೆಯ ವ್ಯವಸ್ಥಾಪಕರಿಗೆ ಬದಿಯಡ್ಕದ ಗ್ರಾಹಕನ ನಮಸ್ಕಾರಗಳು.

ಬೆಂಗಳೂರಿನ ಮಗಳಿಗೆ ನಾನು ಕಳುಹಿಸಿದ ಹಲಸಿನ ಸೋಂಟೆಯ, ಅಂದರೆ ಚಿಪ್ಸಿನ, ಪೆಟ್ಟಿಗೆ 52 ಕಿಲೋ ಆಗುತ್ತದೆಂದು ತಾವು ಬಾಕಿ ಹಣ ಕೇಳಿದ್ದೀರಿ. ಮನೆಯವಳಿಗೆ ಬಹಳ ಸಂತೋಷವಾಗಿದೆ. ಒಂದೇ ಹಲಸಿನಕಾಯಿಯಿಂದ ಇಷ್ಟು ಸೋಂಟೆ ಕರಿದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ತಮ್ಮ ತಕ್ಕಡಿ ಮಾತ್ರ ಅಂದು 1.9 ಕಿಲೋ ಎಂದಿತ್ತು.

ಸೋಂಟೆಗೆ ತೂಕ ಕಡಿಮೆ, ಗಾಳಿ ಹೆಚ್ಚು. ಗಾಡಿಯಲ್ಲಿ ಅದು ಹಿಡಿಯುವ ಜಾಗಕ್ಕೂ ತಾವು ಬಾಡಿಗೆ ಹಾಕುತ್ತೀರಿ. ಅದರಲ್ಲಿ ನನಗೆ ತಕರಾರಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಬೇಕು, ಅದಕ್ಕೂ ತಕ್ಕಡಿಯ ತೂಕಕ್ಕೂ ಯಾವುದು ಹೆಚ್ಚೋ ಅದನ್ನು ಮುಂದಿನ ಅರ್ಧ ಕಿಲೋಗೆ ಏರಿಸಬೇಕು ಎಂದು ತಮ್ಮ ರಸೀದಿಯ ಹಿಂಬದಿಯಲ್ಲೇ ಅಚ್ಚಾಗಿದೆ.

ಪೆಟ್ಟಿಗೆ 12, 10, 8 ಇಂಚು. ಒಂದು ಇಂಚಿಗೆ 2.54 ಸೆಂಟಿಮೀಟರ್. ಲೆಕ್ಕ ಮಾಡಿ ಪೆಟ್ಟಿಗೆಯ ಮೇಲೆ 30.48, 25.4, 20.32 ಎಂದು ಬರೆದು, ಪಕ್ಕದಲ್ಲಿ ‘ಸೆಂ.ಮೀ.’ ಎಂದೂ ಕನ್ನಡದಲ್ಲಿ ಬರೆದಿದ್ದೆ. ಗುಣಿಸಿದರೆ 15,732, ಭಾಗಿಸಿದರೆ 3.15. ಅಂದರೆ ಮೂರೂವರೆ ಕಿಲೋದ ದರ. ತೆರಲು ಸಿದ್ಧನಾಗಿಯೇ ಬಂದಿದ್ದೆ.

ಕೌಂಟರಿನ ಹುಡುಗನಿಗೆ ಅಂಕಿಗಳು ಕಂಡವು, ಕನ್ನಡ ಕಾಣಲಿಲ್ಲ. ಕಾಸರಗೋಡಿನಲ್ಲಿ ಕನ್ನಡಕ್ಕೆ ಹೀಗಾಗುವುದು ಕೇರಳಕ್ಕೆ ಸೇರಿದ 1956ರಿಂದಲೂ ನಮಗೆ ಅಭ್ಯಾಸವಾಗಿದೆ, ಬಿಡಿ. ತಮ್ಮ ಕಂಪ್ಯೂಟರಿನಲ್ಲಿ ‘ಇಂಚು’ ಎಂದೇ ಆಯ್ಕೆಯಾಗಿತ್ತು. ಸೆಂಟಿಮೀಟರನ್ನೇ ಇಂಚೆಂದು ನಂಬಿದ ಅದು ಮತ್ತೊಮ್ಮೆ 2.54ರಿಂದ ಗುಣಿಸಿತು. ಒಂದು ಬದಿಗೆ ಗುಣಿಸಿದ್ದರೆ ಎರಡೂವರೆ ಪಟ್ಟಿನಲ್ಲಿ ಮುಗಿಯುತ್ತಿತ್ತು. ಮೂರು ಬದಿಗೂ ಗುಣಿಸಿದ್ದರಿಂದ 16.39 ಪಟ್ಟಾಯಿತು, 3.15 ಹೋಗಿ 51.56 ಬಂತು. ಇದನ್ನು ಹಿಡಿಯುವುದು ಕಷ್ಟವಲ್ಲ. ತಾವು ಕೇಳುವ ತೂಕ ಗ್ರಾಹಕನ ಲೆಕ್ಕದ ಹದಿನಾರು ಪಟ್ಟಿಗೆ ಸಮೀಪವಿದ್ದರೆ ಇಂಚು ಎರಡು ಸಲ ಸೆಂಟಿಮೀಟರಾಗಿ ಕರಗಿದೆ ಎಂದು ತಿಳಿಯಿರಿ. ಗಾತ್ರದ ಲೆಕ್ಕ ಹದಿನಾರನೆಯ ಒಂದು ಪಾಲಿನಷ್ಟಿದ್ದರೆ ಒಮ್ಮೆಯೂ ಕರಗಿಲ್ಲ. ಆದರೆ ಹಾಗೆ ತಮಗೆ ನಷ್ಟವಾದ ಕಥೆ ನಾನು ಕೇಳಿಲ್ಲ.

ಲೆಕ್ಕ ಬೇಡವೆಂದರೆ ಅಳತೆಪಟ್ಟಿ ಹಿಡಿದು ನೋಡಿ. ತಮ್ಮ ಬಿಲ್ಲಿನ ಪೆಟ್ಟಿಗೆ 77 ಸೆಂಟಿಮೀಟರ್ ಉದ್ದ, 65 ಅಗಲ, 52 ಎತ್ತರ. ಅದನ್ನು ನಾನು ಸ್ಕೂಟರಿನಲ್ಲಿ ಕಾಲಿನ ನಡುವೆ ಇಟ್ಟುಕೊಂಡು ತಂದೆ. ತಮ್ಮ ಹುಡುಗ ಒಂದೇ ಕೈಯಲ್ಲಿ ಎತ್ತಿ ಒಳಗಿಟ್ಟ, ಇನ್ನೊಂದು ಕೈಯಲ್ಲಿ ಮೊಬೈಲ್ ಇತ್ತು.

ಆದರೂ ತಾವು ಬಿಲ್ಲು ಸರಿ ಎನ್ನುತ್ತೀರಿ. ಒಪ್ಪಿದೆ, ಹಣ ತೆರುತ್ತೇನೆ. ಮಗಳ ಕೈಗೆ ತಲುಪಿದ್ದು 1.9 ಕಿಲೋ ಮಾತ್ರ. ಉಳಿದ ಐವತ್ತು ಕಿಲೋ ಸೋಂಟೆಯನ್ನು ದಾರಿಯಲ್ಲಿ ಎಲ್ಲಿ ಇಳಿಸಿದ್ದೀರೆಂದು ದಯವಿಟ್ಟು ತಿಳಿಸಿ. ಮೆತ್ತಗಾಗುವ ಮೊದಲು ತರಿಸಿಕೊಳ್ಳಬೇಕು.