ಸತ್ಯಾಂಶ: ಫೋಟೊ ನೋಡಿ 'ಇವನೇ' ಅಂದರೆ ಸಾಕಾ?

ಫಾರ್ವರ್ಡ್: "ಹತ್ತಿರದಿಂದ ಮುಖ ನೋಡಿದವರು ಫೋಟೊ ತೋರಿಸಿ ಇವನೇ ಅಂದರೆ ಮುಗೀತು, ತಪ್ಪಾಗಲ್ಲ."

ಆಗುತ್ತದೆ. 1984ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅತ್ಯಾಚಾರಕ್ಕೊಳಗಾದ ಯುವತಿಯೊಬ್ಬರು ದಾಳಿಕೋರನ ಮುಖವನ್ನು ಬೇಕೆಂದೇ ಗಮನವಿಟ್ಟು ನೋಡಿದ್ದರು. ಆದರೂ ಪೊಲೀಸರ ಫೋಟೊಗಳಲ್ಲಿ ಆರಿಸಿದ್ದು ನಿರಪರಾಧಿ ರೊನಾಲ್ಡ್ ಕಾಟನ್ ಅವರನ್ನು. ನಿಜವಾದವನ ಫೋಟೊ ಅಲ್ಲಿರಲೇ ಇಲ್ಲ! ಆಗ ಮನಸ್ಸು ಇದ್ದವರಲ್ಲೇ ಜಾಸ್ತಿ ಹೋಲುವವನನ್ನು ಹಿಡಿಯುತ್ತದೆ. ಆಮೇಲೆ ಕೆಲವರನ್ನು ಎದುರಿಗೆ ಸಾಲಾಗಿ ನಿಲ್ಲಿಸಿದಾಗ ಮತ್ತೆ ಕಾಟನ್ ಅವರನ್ನೇ ತೋರಿಸಿದರು. ಎರಡೂ ಕಡೆ ಇದ್ದವರು ಅವರೊಬ್ಬರೇ, ಪರಿಚಿತ ಮುಖ ಅಲ್ವಾ? 'ಫೋಟೊದಲ್ಲೂ ಇವನೇ' ಎಂದು ಪೊಲೀಸರು ಹೇಳಿದ ಮೇಲಂತೂ ಅನುಮಾನವೇ ಉಳಿಯಲಿಲ್ಲ. ಜೈಲು ಸೇರಿದ ಕಾಟನ್ ಅವರ ಬಿಡುಗಡೆ 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಆಯಿತು.

2007ರಲ್ಲಿ ಆ ರಾಜ್ಯ ಕಾನೂನು ತಂದಿತು. ಶಂಕಿತ ಯಾರೆಂದು ಗೊತ್ತಿಲ್ಲದವರು ಫೋಟೊ ತೋರಿಸಬೇಕು, ಆಗ ಸುಳಿವು ಸೋರುವುದಿಲ್ಲ. 'ಅವನು ಇದರಲ್ಲಿ ಇಲ್ಲದೆಯೂ ಇರಬಹುದು' ಎಂದು ಮೊದಲೇ ಹೇಳಬೇಕು. ಎಷ್ಟು ಖಾತ್ರಿ ಎಂಬುದನ್ನು ಸಾಕ್ಷಿಯ ಮಾತಿನಲ್ಲೇ, ಆಗಲೇ ದಾಖಲಿಸಬೇಕು. ಇಷ್ಟಾದರೂ ಮಸುಕಾದ ನೆನಪು ಸ್ಪಷ್ಟವಾಗುವುದಿಲ್ಲ.