ಹಾಡುವವರು ಎಡವುವ ಒತ್ತಕ್ಷರಗಳು

ಗಾಯಕರು ಒಂದೇ ಸಾಲಿಗೆ ಮೇಲಿಂದ ಮೇಲೆ ಟೇಕ್ ತೆಗೆದುಕೊಳ್ಳುತ್ತಿದ್ದರೆ ಎಲ್ಲರೂ ಅವರ ಮುಖ ನೋಡುತ್ತಾರೆ. ನನ್ನ ಕೇಳಿದರೆ, ಮೊದಲು ಸಾಹಿತ್ಯದ ಹಾಳೆ ನೋಡಬೇಕು.

ಮೂರು ಮೂರು ಮಾತ್ರೆಯ ನಡೆಯ ಟ್ಯೂನ್‌ಗೆ "ನಿನ್ನ ಸ್ಪರ್ಶ ಪುಷ್ಪವೃಷ್ಟಿ" ಅಂತ ಬರೆದಿದ್ದೇವೆ ಅಂದುಕೊಳ್ಳಿ. ಪದ ಬಿಡಿಸಿ ಎಣಿಸಿದರೆ ಲೆಕ್ಕ ಸರಿಯಾಗಿ 12. ಆದರೆ ಹಾಡುವಾಗ ಪದಗಳು ಅಂಟಿಕೊಳ್ಳುತ್ತವೆ. "ಸ್ಪ" ಬಂದು ಹಿಂದಿನ "ನ್ನ"ವನ್ನು ಗುರು ಮಾಡುತ್ತದೆ, ಲೆಕ್ಕ 13 ಆಗುತ್ತದೆ. ಆಗ ಗಾಯಕರು ಒಂದೋ "ಸ" ನುಂಗುತ್ತಾರೆ, ಇಲ್ಲವೇ "ಇಸ್ಪರ್ಶ" ಅನ್ನುತ್ತಾರೆ. ಮುಂದೆ "ಷ್ಪ", "ಷ್ಟಿ" ಬೇರೆ. ಮೈಕ್‌ನಲ್ಲಿ ಬರೀ ಬುಸ್ ಬುಸ್!

"ಪುಷ್ಪವೃಷ್ಟಿ"ಗೆ ಮದ್ದು ಸುಲಭ. "ಹೂವಮಳೆಯು" ಅಂದರೆ ಅದೇ ಆರು ಮಾತ್ರೆ, ಅದೇ ಅರ್ಥ. ಕಷ್ಟ ಇರುವುದು "ಸ್ಪರ್ಶ"ದಲ್ಲಿ. "ಸೋಂಕು" ಹಳೆಯ ಚೆಂದದ ಪದ, ಆದರೆ ಕೊರೊನಾ ಆದಮೇಲೆ ಅದನ್ನು ಪ್ರೇಮಗೀತೆಗೆ ಹಾಕುವ ಧೈರ್ಯ ಯಾರಿಗಿದೆ? "ಮುಟ್ಟು" ಅಂದರೆ ಜನಕ್ಕೆ ಬೇರೆಯೇ ಅರ್ಥ. "ಬೆರಳು" ಅಂದರೆ ಚಿತ್ರವೇ ಬದಲಾಯಿತು. ಇಂಥಲ್ಲಿ ನಾಮಪದಕ್ಕೆ ನಾಮಪದವನ್ನೇ ಹುಡುಕುತ್ತಾ ಕೂರಬಾರದು, ಕ್ರಿಯಾಪದಕ್ಕೆ ಹೊರಳಬೇಕು: "ನೀನು ತಾಕೆ ಹೂವಮಳೆಯು". ಮತ್ತೆ 12. ಪದಗಳ ನಡುವೆ ಎಲ್ಲೂ ಗಂಟಿಲ್ಲ.

ಹಾಗಂತ ಒತ್ತಕ್ಷರವೆಲ್ಲ ಕೆಟ್ಟದ್ದು ಅಂತಲ್ಲ. ಹಕ್ಕಿ, ಚುಕ್ಕಿ, ಬೆಟ್ಟದಂಥ ಸಜಾತೀಯ ಒತ್ತು ತಾಳಕ್ಕೆ ಪೆಟ್ಟು ಕೊಡುತ್ತದೆ, ನಾಲಿಗೆ ಜಾಗ ಬದಲಿಸಬೇಕಿಲ್ಲ. ತೊಂದರೆ ಕೊಡುವುದು ವಿಜಾತೀಯ ಒತ್ತು. ಅದನ್ನು ಬಿಡಿಸುವ ದಾರಿಯನ್ನು ನಮ್ಮ ಹಾಡುಗಬ್ಬ ಯಾವಾಗಲೋ ಕಂಡುಕೊಂಡಿದೆ: ವರ್ಷ ವರುಷ ಆಗುತ್ತದೆ, ಜನ್ಮ ಜನುಮ, ಮುಕ್ತಿ ಮುಕುತಿ. ಎಲ್ಲವೂ ಮೂರು ಮಾತ್ರೆಯೇ, ನಡುವೆ ಒಂದು "ಉ" ಸಿಕ್ಕಿ ದನಿ ಎಳೆಯಲು ಜಾಗವಾಗುತ್ತದೆ. ಆದರೆ "ಬಕುತಿ" ಅಂದ ಕೂಡಲೇ ಹಾಡು ಹಳ್ಳಿಯ ಜಗುಲಿಗೆ ಹೋಗಿ ಕೂರುತ್ತದೆ. ಕಾಫಿ ಶಾಪ್ ಹಾಡಿಗೆ ಅದು ಒಗ್ಗಲ್ಲ.

ಮಹಾಪ್ರಾಣದ ಕಥೆ ಬೇರೆ. ಭ, ಫ, ಧ ಎಲ್ಲಕ್ಕೂ ಜಾಸ್ತಿ ಉಸಿರು ಬೇಕು. ಸಾಲಿನ ಕೊನೆಗೆ ಉಸಿರು ಮುಗಿದಿರುತ್ತದೆ, "ಧನ" ಸುಮ್ನೆ "ದನ" ಆಗಿಬಿಡುತ್ತದೆ. "ಸಿರಿ" ಅಂತ ಬರೆದರೆ ಅದೂ ಎರಡೇ ಮಾತ್ರೆ, ಅಲ್ವಾ? "ದುಃಖ"ದ ಬದಲು "ನೋವು" ಆಗುತ್ತದೆ, "ಸ್ವಪ್ನ"ದ ಬದಲು "ಕನಸು". ಒಂದು ವ್ಯತ್ಯಾಸ ಇದೆ. "ನೋವು" ಗುರು ಲಘು, "ಕನಸು" ಮೂರೂ ಲಘು. ಟ್ಯೂನ್‌ನಲ್ಲಿ ಮೊದಲ ಸ್ವರ ಉದ್ದಕ್ಕೆ ನಿಂತಿದ್ದರೆ "ಕನಸು" ಹೋಗಿ "ಕಾನಸು" ಆಗುತ್ತದೆ. ಮಾತ್ರೆ ಕೂಡಿದರೆ ಸಾಲದು, ಎಳೆತ ಎಲ್ಲಿದೆ ಅಂತಲೂ ನೋಡಬೇಕು.

ದೇವರ ಹೆಸರನ್ನಂತೂ ಬದಲಿಸಲಾಗದು. "ಕೃಷ್ಣ" ಬೇಕೇ ಬೇಕಾದರೆ ಸಾಲಿನ ತುದಿಗೆ ಇಟ್ಟು, ಉದ್ದ ಸ್ವರವನ್ನು "ಣಾ" ಮೇಲೆ ಬರುವಂತೆ ಮಾಡಿ. "ಷ್" ಮೇಲೆ ಯಾರಿಗೂ ರಾಗ ಎಳೆಯಲು ಬರಲ್ಲ.