ಗೋಡೆಯೊಳಗಿನ ಎಲ್ಬೋ ಮತ್ತು ಮಾಲಕರ ವ್ಯಾಕರಣ

ನಮ್ಮ ಹುಬ್ಬಳ್ಳಿಯಲ್ಲಿ ನೀರು ಬರುವುದಕ್ಕೆ ‘ನಳ ಬಂತು’ ಅನ್ನುತ್ತಾರೆ. ನಳ ಎಲ್ಲಿಂದಲೂ ಬರುವುದಿಲ್ಲ, ಅದು ಗೋಡೆಯಲ್ಲೇ ಇರುತ್ತದೆ, ಬರುವುದು ನೀರು. ಆದರೆ ಐದು ದಿನಕ್ಕೊಮ್ಮೆ ನೀರು ನೋಡುವವರಿಗೆ ಈ ವ್ಯತ್ಯಾಸ ಎಲ್ಲಿ ನೆನಪಿರಬೇಕು? ನಮ್ಮ ಓಣಿಯಲ್ಲಿ ಯಾರಾದರೂ ‘ನಳ ಬಂತ್ರೀ’ ಎಂದು ಕೂಗಿದರೆ ಅರ್ಧ ಮಿಸಳ್ ತಿಂದವರೂ ಎದ್ದು ಓಡುತ್ತಾರೆ. ಇಂಥ ಊರಿನಲ್ಲಿ ಬಚ್ಚಲಿನ ನಳ ಸೋರುವುದೆಂದರೆ ಕಿಸೆ ತೂತು ಬಿದ್ದ ಹಾಗೆ.

ಮನೆ ಮಾಲಕರು ಧಾರವಾಡದಲ್ಲಿರುತ್ತಾರೆ. ನಿವೃತ್ತ ಕನ್ನಡ ಮಾಸ್ತರರು, ಬಲು ಸಜ್ಜನರು. ಜಗಳ ಮಾಡಬೇಕು ಅಂದರೂ ಆಗುವುದಿಲ್ಲ, ಫೋನ್ ಮಾಡಿದರೆ ಮೊದಲು ‘ಊಟ ಆತ್ರೀ?’ ಅಂತಾರೆ. ಊಟದ ಮೇಲೆ ಮಳೆ, ಮಳೆಯ ಮೇಲೆ ಮಕ್ಕಳ ಪರೀಕ್ಷೆ, ಅಷ್ಟರಲ್ಲಿ ನಳದ ವಿಷಯ ಸೋರಿ ಹೋಗಿರುತ್ತದೆ. ಹಾಗಾಗಿ 3ನೇ ತಾರೀಖು ಮೆಸೇಜ್ ಹಾಕಿದೆ. ‘ಪೂಜ್ಯರಿಗೆ ಸಾಷ್ಟಾಂಗ ನಮಸ್ಕಾರಗಳು, ತಾವು ಸಕುಟುಂಬ ಕ್ಷೇಮವೆಂದು ಭಾವಿಸುತ್ತೇನೆ, ತಮಗೆ ತೊಂದರೆ ಕೊಡಲು ಸಂಕೋಚವಾಗುತ್ತದೆ...’ ಎಂದು ಶುರುವಾಗಿ ಕೊನೆಯ ಸಾಲಿನಲ್ಲಿ ನಳ ಸ್ವಲ್ಪ ಸೋರುತಿದೆ ಎಂದು ಮುಗಿದಿತ್ತು. ನನ್ನ ಹೆಂಡತಿ ಓದಿ, ‘ಮೆಸೇಜ್ ಹಾಕೀರೋ, ಲಗ್ನಪತ್ರಿಕಿ ಹಾಕೀರೋ?’ ಅಂದಳು.

ಮಾಲಕರಿಂದ ಎರಡು ಉತ್ತರ ಬಂದವು. ಒಂದು, ಕೈಮುಗಿದ ಚಿತ್ರ. ಇನ್ನೊಂದು: ‘ಸೋರುತಿದೆ ಅಲ್ಲ, ಸೋರುತ್ತಿದೆ. ತ ಒತ್ತು ಬಿಟ್ಟಿದ್ದೀರಿ.’

11ನೇ ತಾರೀಖು ಒತ್ತು ಸಮೇತ ನೆನಪು ಮಾಡಿದೆ. ‘ಆತ್ರೀ, ನೋಡೋಣಂತ’ ಅಂದರು. 17ಕ್ಕೆ ಮತ್ತೆ. ಮತ್ತೆ ‘ನೋಡೋಣಂತ’. ಆ ಹೊತ್ತಿಗೆ ನನಗೆ ಸಿಟ್ಟು ನೆತ್ತಿಗೇರಿತ್ತು. ರಾತ್ರಿ ಕೂತು ಒಂದು ಖಾರವಾದ ಮೆಸೇಜ್ ಬರೆದೆ. ಅದಕ್ಕೊಂದು ಕಾಯ್ದೆಯ ತೂಕ ಇರಲಿ ಅಂತ 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕೊಟ್ಟ ಮಾದರಿ ಬಾಡಿಗೆ ಕಾಯ್ದೆ ತೆಗೆದು ನೋಡಿದೆ. ಅದು ಬರೀ ಮಾದರಿ, ರಾಜ್ಯ ಒಪ್ಪಿಕೊಂಡರೆ ಮಾತ್ರ ಜಾರಿ, ಗೊತ್ತು. ಆದರೂ ಹೆಸರು ಹೇಳಿದರೆ ಸ್ವಲ್ಪ ಹೆದರುತ್ತಾರೆ ಅಲ್ವಾ? ಅದರ ಎರಡನೇ ಪಟ್ಟಿಯಲ್ಲಿ ಯಾವ ರಿಪೇರಿ ಯಾರದ್ದು ಎಂದು ಬಿಡಿಸಿ ಬರೆದಿದ್ದಾರೆ. ಹುಡುಕಿದೆ. ನಳದ ವಾಷರ್ ಮತ್ತು ನಳ ಬದಲಿಸುವುದು: ಬಾಡಿಗೆದಾರ.

ಖಾರದ ಮೆಸೇಜ್ ಅಳಿಸಿದೆ. ನಮ್ಮ ಹನ್ನೊಂದು ತಿಂಗಳ ಕರಾರುಪತ್ರ ತೆಗೆದರೆ ಅಲ್ಲೂ ‘ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು’ ಎಂದಿತ್ತು, ಕೆಳಗೆ ನನ್ನದೇ ಸಹಿ. ಅಂದರೆ ಎರಡು ವಾರದಿಂದ ಮಾಸ್ತರು ‘ಇದು ನಿಮ್ಮ ಕೆಲಸ’ ಅನ್ನಲು ಸಂಕೋಚಪಟ್ಟು ‘ನೋಡೋಣಂತ’ ಅನ್ನುತ್ತಿದ್ದರು. ನಾನು ಸಂಕೋಚಪಟ್ಟು ಕೇಳುತ್ತಿದ್ದೆ, ಅವರು ಸಂಕೋಚಪಟ್ಟು ಸುಮ್ಮನಿದ್ದರು, ನಡುವೆ ನೀರು ಮಾತ್ರ ಯಾವ ಸಂಕೋಚವೂ ಇಲ್ಲದೆ ಹರಿಯುತ್ತಿತ್ತು.

ಸರಿ, ಮರುದಿನ ಅರ್ಧ ಇಂಚಿನ ವಾಷರ್ ತಂದೆ. ಟೆರೇಸಿಗೆ ಹತ್ತಿ ವಾಲ್ ಬಂದ್ ಮಾಡಿ, ಕೆಳಗಿಳಿದು ನಳ ಬಿಟ್ಟು ಪೈಪಿನಲ್ಲಿ ಉಳಿದ ನೀರು ಖಾಲಿ ಮಾಡಿ, ಪಾನಾ ಹಾಕಿ ನಳದ ತಲೆ ಬಿಚ್ಚಿದೆ. ಹಳೆಯ ವಾಷರ್ ಮೇಲೆ ಬಳೆಯ ಆಕಾರದ ಗುಣಿ ಬಿದ್ದಿತ್ತು, ಒಂದು ಕಡೆ ಹರಿದೂ ಇತ್ತು. ಹೊಸದು ಹಾಕಿ ಮೇಲೆ ಹೋಗಿ ವಾಲ್ ಬಿಟ್ಟು ಬಂದರೆ ನಳದ ಬಾಯಿ ಒಣಗಿತ್ತು. ಬಹಳ ಹೆಮ್ಮೆಯಾಯಿತು. ಹೆಂಡತಿಯನ್ನು ಕರೆದು ತೋರಿಸಿದೆ. ಆಕೆ ಬಗ್ಗಿ ನೋಡಿ, ‘ಮತ್ತ ಇದೇನ್ರೀ?’ ಅಂದಳು. ನಳದ ಹೊಟ್ಟೆಯ ಕೆಳಗೆ ಒಂದು ಹನಿ ಜೋತುಬಿದ್ದಿತ್ತು. ಬಿತ್ತು. ಇನ್ನೊಂದು ಜೋತುಬಿತ್ತು.

ಸೋರುವ ನಳ ಅಂದರೆ ಎಲ್ಲಾ ಒಂದೇ ಅಲ್ಲ ಎಂಬುದು ನನಗೆ ತಿಳಿದದ್ದು ಆಗಲೇ. ಬಾಯಿಂದ ಹನಿ ಬಿದ್ದರೆ ವಾಷರ್. ತಿರುಗಿಸುವ ಹಿಡಿಕೆಯ ಬುಡದಲ್ಲಿ, ಅದೂ ನಳ ಬಿಟ್ಟಾಗ ಮಾತ್ರ ಒಸರಿದರೆ ಒಳಗಿನ ಪ್ಯಾಕಿಂಗ್. ನಳ ಗೋಡೆಗೆ ಸೇರುವಲ್ಲಿ ಒಸರಿದರೆ ಅದು ನಳದ ತಿರುಪಿನ ಚೂಡಿಗೆ ಸುತ್ತಿದ ಟೇಪ್ ಇರಬಹುದು, ಅಥವಾ ಗೋಡೆಯೊಳಗಿನ ಪೈಪೇ ಇರಬಹುದು. ರಾತ್ರಿ ನಳದ ಬುಡಕ್ಕೆ ಒಣ ಪೇಪರ್ ಸುತ್ತಿ ದಾರ ಕಟ್ಟಿದೆ, ಬಾಯಿಗೂ ಒಂದು ತುಂಡು ಕಟ್ಟಿದೆ. ಬೆಳಿಗ್ಗೆ ಬಾಯಿಯ ಪೇಪರ್ ಗರಿಗರಿ ಇತ್ತು, ಬುಡದ್ದು ನೆನೆದ ಅವಲಕ್ಕಿ ಆಗಿತ್ತು. ಆ ಗೋಡೆಯ ಹಿಂಬದಿ ನಮ್ಮ ಮಲಗುವ ಕೋಣೆ. ಅಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿದ್ದನ್ನು ನಾವು ಮಳೆಗಾಲದ ಲೆಕ್ಕಕ್ಕೆ ಹಾಕಿದ್ದೆವು.

ಪ್ಲಂಬರ್ ಬಂದು ನಳವನ್ನು ಒಂದು ಸಲ ಅಲುಗಾಡಿಸಿದ, ಅಷ್ಟೇ. ‘ಇದು ವಾಷರ್ ಕೆಲಸ ಅಲ್ರೀ ಸರ, ಹಳೇ ಜಿಐ ಕಬ್ಬಿಣದ ಪೈಪ್. ಒಳಗ ಪೈಪ್ ತಿರುಗೋ ಮೂಲ್ಯಾಗಿನ ಎಲ್ಬೋ ತುಕ್ಕು ತಿಂದೇತಿ. ಗೋಡಿ ಒಡೀಬೇಕು. ಮಾಲಕರನ್ನ ಕೇಳ್ರಿ ಮೊದಲ.’ ಎಲ್ಲಾ ಸೇರಿ 850 ಅಂದ.

ಇನ್ನು ಎಷ್ಟು ಸೋರುತ್ತದೆ? ‘ಬಹಳ ಸೋರುತ್ತದೆ’ ಎಂದರೆ ಮಾಸ್ತರರಿಗೆ ಅದು ಬರೀ ವಿಶೇಷಣ. ಒಂದು ಲೀಟರಿನ ಬಾಟಲಿ ಇಟ್ಟು ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷಕ್ಕೆ ತುಂಬಿತು. ತಾಸಿಗೆ 3 ಲೀಟರ್, ದಿನಕ್ಕೆ 72. ನಳ ಬರುವುದು ಐದು ದಿನಕ್ಕೊಮ್ಮೆ, ಅಂದರೆ ಅಷ್ಟರಲ್ಲಿ 360. ನಮ್ಮ ಟ್ಯಾಂಕೇ 500 ಲೀಟರಿನದು! ಮೂರು ವಾರದಿಂದ ನಾವು ಮೂರು ಜನ ಮಿಕ್ಕ 140 ಲೀಟರಿನಲ್ಲಿ ಸ್ನಾನ, ಬಟ್ಟೆ, ಪಾತ್ರೆ ಎಲ್ಲಾ ಮುಗಿಸಲು ಒದ್ದಾಡಿ, ಸಾಲದೆ ಮಗಳಿಗೆ ‘ಬಹಳ ನೀರು ಸುರೀತೀ’ ಎಂದು ಬೈಯುತ್ತಿದ್ದೆವು. ಪಾಪ.

ಅಂದು ಸಂಜೆ ಕಳಿಸಿದ ಮೆಸೇಜ್ ಇದು:

‘ಸರ್, ನಮಸ್ಕಾರ. ಬಚ್ಚಲಿನ ನಳದ ಬಗ್ಗೆ 3, 11 ಮತ್ತು 17ಕ್ಕೆ ಬರೆದಿದ್ದೆ. ವಾಷರ್ ನನ್ನ ಪಾಲಿನದು, ನಾನೇ ಬದಲಿಸಿದ್ದೇನೆ. ಮೊದಲೇ ಮಾಡಬೇಕಿತ್ತು. ಆದರೆ ಈಗ ಸೋರುತ್ತಿರುವುದು ಗೋಡೆಯೊಳಗಿನ ಎಲ್ಬೋ. ಪ್ಲಂಬರ್ ನೋಡಿದ್ದಾರೆ, 850 ರೂಪಾಯಿ ಹೇಳಿದ್ದಾರೆ. ದಿನಕ್ಕೆ 72 ಲೀಟರ್ ಹೋಗುತ್ತಿದೆ. ಹಿಂಬದಿಯ ಕೋಣೆಯ ಗೋಡೆ ಉಬ್ಬಿದೆ, ಫೋಟೋ ಕಳಿಸಿದ್ದೇನೆ. ಸದ್ಯ ಟೆರೇಸಿನ ವಾಲ್ ಬಂದ್ ಇಟ್ಟು ಬೆಳಿಗ್ಗೆ ಸಂಜೆ ಮಾತ್ರ ಬಿಡುತ್ತಿದ್ದೇನೆ. ನೀವೇ ಜನ ಕಳಿಸುತ್ತೀರೋ, ಅಥವಾ ನಾನು ಮಾಡಿಸಿ ಚೀಟಿ ಕಳಿಸಿ ಮುಂದಿನ ಬಾಡಿಗೆಯಲ್ಲಿ ಹಿಡಿದುಕೊಳ್ಳಲೋ? ನೀವು ಒಪ್ಪದೆ ಹಿಡಿಯುವುದಿಲ್ಲ. ಶುಕ್ರವಾರದೊಳಗೆ ತಿಳಿಸಿ, ಅದಕ್ಕಿಂತ ತಡವಾದರೆ ನನಗೆ ಕಷ್ಟ. ನೀರು ನನ್ನದು ಹೋಗುತ್ತಿದೆ, ಗೋಡೆ ನಿಮ್ಮದು ಹೋಗುತ್ತಿದೆ.’

ಕೊನೆಯ ಸಾಲು ಬೇಡ ಅಂದಳು ಹೆಂಡತಿ. ನಾನು ಬಿಡಲಿಲ್ಲ, ಮೂರು ವಾರದ ಸಿಟ್ಟಿಗೆ ಅಷ್ಟಾದರೂ ಬೇಡವೇ?

ಹತ್ತು ನಿಮಿಷದಲ್ಲಿ ಫೋನ್ ಬಂತು. ಊಟ ಆಯಿತೇ ಎಂದು ಕೇಳಲಿಲ್ಲ. ‘ಗೋಡಿ ಒಳಗ ಅಂತ ಮೊದಲ ಹೇಳಬಾರದೇನ್ರೀ? ನಾ ವಾಷರ್ ಇರಬೇಕು ಅನ್ಕೊಂಡಿದ್ದೆ. ಮಾಡಿಸಿಬಿಡ್ರಿ, ಬಾಡಿಗ್ಯಾಗ ಹಿಡೀರಿ.’

ಭಾನುವಾರ ಪ್ಲಂಬರ್ ಬಂದು ಟೈಲ್ಸ್ ಒಡೆದು ಎಲ್ಬೋ ತಿರುಗಿಸಿದರೆ ಅದು ಅವನ ಕೈಯಲ್ಲಿ ಎರಡು ತುಂಡಾಯಿತು. ಒಳಗೆಲ್ಲ ತುಕ್ಕು ತುಂಬಿ ಕಿರುಬೆರಳೂ ಹೋಗದಷ್ಟು ಸಂದು. ಅದೇ ಹೊತ್ತಿಗೆ ಓಣಿಯಲ್ಲಿ ಕೂಗು ಎದ್ದಿತು, ‘ನಳ ಬಂತ್ರೀ!’ ಇತ್ತ ಗೋಡೆಯಲ್ಲಿ ನಳವೇ ಇರಲಿಲ್ಲ.

ತಿಂಗಳ ಬಾಡಿಗೆಯಲ್ಲಿ 850 ಹಿಡಿದು ಹಾಕಿ, ಚೀಟಿಯ ಫೋಟೋ ಕಳಿಸಿದೆ. ಉತ್ತರ ಬಂತು: ‘ತಲುಪಿತು. ಪ್ಲಂಬರ್ ಚೀಟಿಯಲ್ಲಿ ರಿಪೇರಿಯನ್ನು ರೀಪೆರಿ ಎಂದು ಬರೆದಿದ್ದಾನೆ. ತಿದ್ದಲು ಹೇಳಿ.’